ಸಿಎನ್‌ಸಿ ಮಷಿನ್‌ನ ಇಂಪೇರ್‌ಮೆಂಟ್ ಲೆಕ್ಕ: ನಾನು ಬಗೆಹರಿಸಿದ್ದು ಹೀಗೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ವರ್ಕ್‌ಶಾಪ್‌ನ ಲೆಕ್ಕ ನಾನು ನೋಡುತ್ತೇನೆ. ಅಲ್ಲಿನ ಒಂದು ಸಿಎನ್‌ಸಿ ಮಷಿನ್‌ಗೆ ಜಾಬ್ ವರ್ಕ್ ಕಡಿಮೆಯಾಯಿತು. ಮಷಿನ್‌ನಿಂದ ವಾಪಸ್ ಬರುವ ಹಣ ಲೆಕ್ಕಪುಸ್ತಕದಲ್ಲಿರುವ ಬೆಲೆಗಿಂತ ಕಡಿಮೆಯಾದರೆ, ಆ ಕೊರತೆಯನ್ನು ನಷ್ಟ ಅಂತ ತೋರಿಸಬೇಕು; ಅದೇ ಇಂಪೇರ್‌ಮೆಂಟ್. ಬುಕ್ ವ್ಯಾಲ್ಯೂ 40 ಲಕ್ಷ, ಇನ್ನು 4 ವರ್ಷ ಓಡುತ್ತದೆ, ಖರ್ಚು ಕಳೆದು ವರ್ಷಕ್ಕೆ 10 ಲಕ್ಷ ಬರುತ್ತದೆ.

"ನಾಲ್ಕು ಹತ್ತಲೆ ನಲವತ್ತು, ಸರಿಹೋಯ್ತಲ್ವಾ ಸರ್?" ಅಂದರು ಮಾಲೀಕರು. ಆದರೆ ನಾಲ್ಕನೇ ವರ್ಷ ಬರುವ 10 ಲಕ್ಷಕ್ಕೆ ಇವತ್ತು ಅಷ್ಟು ಬೆಲೆ ಇಲ್ಲ. ಶೇ 12ರ ದರದಲ್ಲಿ ಅದು ಸುಮಾರು 6.36 ಲಕ್ಷ ಮಾತ್ರ. ನಾಲ್ಕೂ ವರ್ಷದ್ದು ಕೂಡಿಸಿದರೆ 30.37 ಲಕ್ಷ.

ಈ ಹಣದಲ್ಲಿ ಸಾಲದ ಬಡ್ಡಿ, ಆದಾಯ ತೆರಿಗೆ ಕಳೆಯಬಾರದು. ಬಡ್ಡಿಯ ಭಾರ ದರದಲ್ಲೇ ಇರುತ್ತದೆ, ಮತ್ತೆ ಕಳೆದರೆ ನಷ್ಟ ಸುಮ್ನೆ ಜಾಸ್ತಿ ಕಾಣುತ್ತದೆ. ದರವೂ ತೆರಿಗೆಗೆ ಮುಂಚಿನದೇ ಇರಬೇಕು.

ಮಾರಿದರೆ ಎಷ್ಟು ಬರುತ್ತದೆ ಅಂತಲೂ ಕೇಳಿಸಿದೆ. ಡೀಲರ್ 29 ಲಕ್ಷ ಅಂದರು, ಬಿಚ್ಚಿ ಸಾಗಿಸುವ ಖರ್ಚು 1 ಲಕ್ಷ. ಕೈಗೆ 28 ಲಕ್ಷ. ಎರಡರಲ್ಲಿ ಹೆಚ್ಚಿನದನ್ನೇ ಹಿಡಿಯಬೇಕು, ಹಾಗಾಗಿ 30.37. 40 ಲಕ್ಷದಲ್ಲಿ ಉಳಿದ 9.63 ಲಕ್ಷ ಲಾಭ-ನಷ್ಟ ಖಾತೆಗೆ ನಷ್ಟವಾಗಿ ಹೋಯಿತು.

ಈ ಮಷಿನ್‌ನ ಬಿಲ್ ಬೇರೆಯಾಗಿಯೇ ಆಗುತ್ತಿತ್ತು, ಅದಕ್ಕೇ ಒಂದನ್ನೇ ಪರೀಕ್ಷಿಸಲು ಆಯಿತು. ಇಡೀ ಲೈನ್ ಸೇರಿ ದುಡಿಯುತ್ತಿದ್ದರೆ ಲೈನನ್ನೇ ಒಟ್ಟಿಗೆ ನೋಡಬೇಕಿತ್ತು.

ಸ್ಕ್ರ್ಯಾಪ್ ಬೆಲೆ ಸೊನ್ನೆ ಅಂತ ಹಿಡಿದಿದ್ದರಿಂದ, ಮುಂದಿನ ಸವಕಳಿ ವರ್ಷಕ್ಕೆ 10 ಲಕ್ಷದ ಬದಲು ಸುಮಾರು 7.59 ಲಕ್ಷ.