ಖಾಲಿ ಉಳಿದಿದ್ದ ಮುಹೂರ್ತಗಳು ತುಂಬಿದ್ದು ಹೇಗೆ

ಬಾಗಲಕೋಟೆಯಲ್ಲಿ ನಮ್ಮದು ಮದುವೆ ಅಡುಗೆಯ ಗುತ್ತಿಗೆ. ತುಳಸಿ ಲಗ್ನ ಮುಗಿದರೆ ಮುಹೂರ್ತಗಳ ಸಾಲು ಶುರು. ಆದರೂ ಹೋದ ವರ್ಷ ಆರು ದಿನ ಖಾಲಿ ಉಳಿದಿದ್ದವು. ವಾಟ್ಸಾಪ್ ಸ್ಟೇಟಸ್‌ಗೆ ದಿನವೂ ಇಪ್ಪತ್ತು ಪದಾರ್ಥಗಳ ಫೋಟೊ ಹಾಕುತ್ತಿದ್ದೆ. ಜನ ದರ ಕೇಳಿ ಸುಮ್ಮನಾಗುತ್ತಿದ್ದರು.

ಒಂದು ದಿನ ಫೋಟೊಗಳನ್ನು ನಾನೇ ನೋಡಿದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಣ್ಣೆಗಾಯಿ ಇದ್ದಿಲಿನಂತೆ ಕಂಡಿತು! ಯಾವ ದಿನ ಖಾಲಿ ಎಂಬುದು ಎಲ್ಲಿಯೂ ಇರಲಿಲ್ಲ.

ಆಮೇಲೆ ಒಂದೇ ಬಾಳೆ ಎಲೆ ಬಡಿಸಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮಾದಲಿ, ಅದರ ಮೇಲೆ ಬಿಸಿ ತುಪ್ಪ. ಬೆಳಿಗ್ಗೆ ಹತ್ತಕ್ಕೆ ಕಿಟಕಿ ಪಕ್ಕದಲ್ಲಿ, ತುಪ್ಪ ಹೆಪ್ಪುಗಟ್ಟುವ ಮೊದಲೇ ಫೋಟೊ ತೆಗೆದೆ. ಕೆಳಗೆ ಉಳಿದ ಆರು ತಾರೀಖು, ಎಷ್ಟು ಎಲೆಗೆ ಯಾವ ದರ, ರುಚಿ ನೋಡಲು ಬರುವ ದಿನ, ಇಷ್ಟೇ ಬರೆದೆ.

ರುಚಿ ನೋಡಿಸುವುದರಲ್ಲಿಯೂ ತಪ್ಪಿತ್ತು. ಮೊದಲು ಮನೆಯ ಸಣ್ಣ ಪಾತ್ರೆಯಲ್ಲಿ ನಾಲ್ಕು ಜನರಿಗೆ ಮಾಡುತ್ತಿದ್ದೆ. ದೊಡ್ಡ ಕೊಪ್ಪರಿಗೆಯಲ್ಲಿ ಬದನೆಕಾಯಿ ತನ್ನ ಬಿಸಿಗೇ ಇನ್ನಷ್ಟು ಬೆಂದು ಮೆತ್ತಗಾಗುತ್ತದೆ. ಅದಕ್ಕೇ ಮದುವೆಯ ದಿನ ‘ಅವತ್ತಿನ ರುಚಿ ಇಲ್ಲ’ ಎಂಬ ಮಾತು ಕೇಳಬೇಕಾಗುತ್ತಿತ್ತು. ಈಗ ಬೇರೆ ಆರ್ಡರಿನ ಅಡುಗೆ ಇರುವ ದಿನವೇ ಕರೆಯುತ್ತೇನೆ. ಆ ಮನೆಯವರನ್ನು ಮೊದಲೇ ಕೇಳಿ, ಅದೇ ಕೊಪ್ಪರಿಗೆಗೆ ಹತ್ತು ಎಲೆಯಷ್ಟು ಹೆಚ್ಚಿಗೆ ಹಾಕುತ್ತೇನೆ, ಖರ್ಚು ನನ್ನದು. ಕುಟುಂಬಕ್ಕೆ ನಾಲ್ವರು ಮಾತ್ರ, ಒಬ್ಬ ಹಿರಿಯರು ಇರಲೇಬೇಕು. ಉಪ್ಪು ಖಾರದ ತೀರ್ಪು ಅವರದೇ.

‘ಮಾದಲಿಗೆ ಬೆಲ್ಲ ಸ್ವಲ್ಪ ಕಡಿಮೆ ಮಾಡಪ್ಪ’ ಎಂದ ಅಜ್ಜಿಯೊಬ್ಬರು ಅಲ್ಲಿಯೇ ಮುಂಗಡ ಕೊಡಿಸಿದರು. ಆರರಲ್ಲಿ ನಾಲ್ಕು ದಿನ ತುಂಬಿದವು. ಉಳಿದ ಎರಡು ದಿನ ವಾರದ ನಡುವೆ ಬಂದಿದ್ದವು, ಅವಕ್ಕೆ ಫೋಟೊ ಏನೂ ಮಾಡಲಿಲ್ಲ.