ಲೋಟ ಎತ್ತುವಾಗಲೇ ಕತ್ತರಿ ಹಾಕಿ

ಮನೆಯಲ್ಲೇ ಕಿರುಚಿತ್ರ ಮಾಡುವವರು ಮೊದಲು ಎಡವುವುದು ಒಂದೇ ಜಾಗದಲ್ಲಿ. ಅತ್ತೆ ಕಾಫಿ ಲೋಟ ಎತ್ತಿ ಕುಡಿಯುತ್ತಾರೆ, ಅಷ್ಟೇ ದೃಶ್ಯ. ಒಂದು ವೈಡ್ ಶಾಟ್, ಒಂದು ಕ್ಲೋಸಪ್. ಎರಡನ್ನೂ ಜೋಡಿಸಿ ನೋಡಿದರೆ ನಡುವೆ ಏನೋ ಜರ್ಕ್ ಹೊಡೆದ ಹಾಗೆ ಕಾಣುತ್ತದೆ. ಹೆಚ್ಚಿನ ಸಲ ಕಾರಣ ಇಷ್ಟೇ: ಕೈ ಸುಮ್ಮನಿದ್ದಾಗ ಕಟ್ ಮಾಡಿರುತ್ತೇವೆ. ಆಗ ನೋಡುವವರ ಕಣ್ಣಿಗೆ ಬೇರೆ ಕೆಲಸ ಇರುವುದಿಲ್ಲ, ಕಟ್ ಎದ್ದು ಕಾಣುತ್ತದೆ. ಕೈ ಚಲಿಸುತ್ತಿದ್ದರೆ ಕಣ್ಣು ಅದರ ಬೆನ್ನು ಹತ್ತಿರುತ್ತದೆ. ಶಾಟ್ ಬದಲಾದದ್ದು ಅಷ್ಟಾಗಿ ಗೊತ್ತಾಗುವುದೇ ಇಲ್ಲ.

ಇದಕ್ಕೆ ತಯಾರಿ ಶೂಟಿಂಗ್‌ನಲ್ಲೇ ಆಗಬೇಕು. ವೈಡ್ ಶಾಟ್‌ನಲ್ಲಿ ಅತ್ತೆ ಕೈ ಚಾಚಿ, ಲೋಟ ಎತ್ತಿ, ಕುಡಿದು, ಕೆಳಗಿಡುವವರೆಗೂ ಪೂರ್ತಿ ತೆಗೆಯಿರಿ. ಆಮೇಲೆ ಕ್ಯಾಮೆರಾ ಹತ್ತಿರ ತಂದು, ಅದೇ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಮಾಡಿಸಿ. 'ಕ್ಲೋಸಪ್‌ಗೆ ಬಾಯಿಯ ಹತ್ತಿರದ್ದು ಮಾತ್ರ ಸಾಕು' ಅಂದುಕೊಂಡರೆ ಎಡಿಟಿಂಗ್‌ನಲ್ಲಿ ಕಟ್ ಮಾಡಲು ಒಂದೇ ಜಾಗ ಉಳಿಯುತ್ತದೆ, ಅದೂ ತಪ್ಪು ಜಾಗ. ಎರಡನೇ ಶಾಟ್‌ಗೆ ಕ್ಯಾಮೆರಾ ಕನಿಷ್ಠ 30 ಡಿಗ್ರಿಯಷ್ಟಾದರೂ ಪಕ್ಕಕ್ಕೆ ಸರಿಯಲಿ. ಆದರೆ ಅತ್ತೆಯನ್ನು ದಾಟಿ ಆಚೆ ಬದಿಗೆ ಹೋಗಬೇಡಿ. ಹೋದರೆ ಎಡದಿಂದ ಬಲಕ್ಕೆ ಹೋಗುತ್ತಿದ್ದ ಕೈ ತಟ್ಟನೆ ಬಲದಿಂದ ಎಡಕ್ಕೆ ಹೋಗುತ್ತದೆ.

ಯಾವ ಕೈ, ಎಷ್ಟು ವೇಗ, ಲೋಟದಲ್ಲಿ ಎಷ್ಟು ಕಾಫಿ ಇತ್ತು, ಇದನ್ನೆಲ್ಲ ಬರೆದಿಟ್ಟುಕೊಳ್ಳಿ. ನಾನೊಮ್ಮೆ ಬರೆದುಕೊಳ್ಳದೆ, ವೈಡ್‌ನಲ್ಲಿ ಬಲಗೈಯಲ್ಲಿದ್ದ ಲೋಟ ಕ್ಲೋಸಪ್‌ನಲ್ಲಿ ಎಡಗೈಗೆ ಬಂದಿತ್ತು. ಅಂಥದ್ದನ್ನು ಯಾವ ಕಟ್ಟೂ ಮುಚ್ಚುವುದಿಲ್ಲ.

ಇನ್ನು ಎಡಿಟಿಂಗ್. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಶೂಟ್ ಮಾಡಿದ್ದೀರಿ, ಲೋಟ ಮೇಜಿನಿಂದ ತುಟಿಗೆ ಬರಲು ಒಂದು ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಅಂದರೆ ಆ ಚಲನೆಗೆ 25 ಫ್ರೇಮ್. ಲೋಟ ಮೇಜು ಬಿಟ್ಟು ಸುಮಾರು ಮೂರನೇ ಒಂದು ಭಾಗ ಏರಿದಾಗ, 8ನೇ ಫ್ರೇಮಿನ ಹೊತ್ತಿಗೆ, ವೈಡ್ ಶಾಟ್ ಮುಗಿಸಿ. ಅಷ್ಟರಲ್ಲಿ 'ಎತ್ತುತ್ತಿದ್ದಾರೆ' ಎಂಬುದು ನೋಡುವವರಿಗೆ ಗೊತ್ತಾಗಿರುತ್ತದೆ, ಉಳಿದ ದೊಡ್ಡ ಪಾಲು ಕ್ಲೋಸಪ್‌ಗೆ ಸಿಗುತ್ತದೆ. ಕ್ಲೋಸಪ್‌ನಲ್ಲಿ ಲೋಟ ಅಷ್ಟೇ ಎತ್ತರದಲ್ಲಿರುವ ಫ್ರೇಮ್ ಹುಡುಕಿ, ಅಲ್ಲಿಂದ ವೈಡ್ ಶಾಟ್‌ನ ಕೊನೆಗೆ ಜೋಡಿಸಿ.

ಲೆಕ್ಕದ ಪ್ರಕಾರ ಇದು ಸರಿ. ಆದರೂ ಓಡಿಸಿ ನೋಡಿದರೆ ಲೋಟ ಚೂರು ಹಾರಿದ ಹಾಗೆ ಅನಿಸಬಹುದು. ಹೊಸ ಚೌಕಟ್ಟಿನಲ್ಲಿ ಕೈ ಎಲ್ಲಿದೆ ಎಂದು ಹುಡುಕಲು ಕಣ್ಣಿಗೆ ಒಂದು ಕ್ಷಣ ಬೇಕು, ಆ ಹೊತ್ತಿನ ಚಲನೆ ಅದಕ್ಕೆ ದಕ್ಕುವುದಿಲ್ಲ. ಹಾಗಾಗಿ ಕ್ಲೋಸಪ್ಪನ್ನು 9ರ ಬದಲು 6ನೇ ಫ್ರೇಮಿನಿಂದ ಶುರು ಮಾಡಿ. ಮೂರು ಫ್ರೇಮ್ ಎರಡೆರಡು ಸಲ ಬಂದರೂ ಯಾರಿಗೂ ತಿಳಿಯುವುದಿಲ್ಲ. ಜಾಸ್ತಿ ಮಾಡಿದರೆ ಮಾತ್ರ ಅತ್ತೆ ಲೋಟವನ್ನು ಎರಡು ಸಲ ಎತ್ತಿದ ಹಾಗಿರುತ್ತದೆ. ಚಲನೆ ತುಂಬಾ ವೇಗವಾಗಿದ್ದರೆ ಈ ಲೆಕ್ಕ ಬದಲಾಗುತ್ತದೆ, ಕೆಲವೊಮ್ಮೆ ಒಂದೆರಡು ಫ್ರೇಮ್ ತೆಗೆಯಬೇಕಾಗುತ್ತದೆ. ಇದನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ತೀರ್ಮಾನಿಸಬೇಡಿ. ಐದಾರು ಸೆಕೆಂಡ್ ಹಿಂದೆ ಹೋಗಿ, ನಿಲ್ಲಿಸದೆ ಓಡಿಸಿ ನೋಡಿ. ಧ್ವನಿಯನ್ನು ಮಾತ್ರ ಅದೇ ಜಾಗದಲ್ಲಿ ಕತ್ತರಿಸಬೇಡಿ. ಒಂದೇ ಶಾಟ್‌ನ ಸದ್ದು ಕಟ್ ಅನ್ನು ದಾಟಿ ಮುಂದೆ ಹೋಗಲಿ.

ಮ್ಯಾಚ್ ಕಟ್ ಇದರ ತಮ್ಮನಿದ್ದಂತೆ, ಆದರೆ ಸ್ವಲ್ಪ ತುಂಟ. ಇಲ್ಲಿ ಜಾಗ, ಕಾಲ ಎರಡೂ ಬದಲಾಗುತ್ತವೆ. ಆಕಾರ ಅಥವಾ ಚಲನೆ ಮಾತ್ರ ಮುಂದುವರಿಯುತ್ತದೆ. 1968ರ '2001: ಎ ಸ್ಪೇಸ್ ಒಡಿಸಿ'ಯಲ್ಲಿ ಗಾಳಿಗೆ ಎಸೆದ ಮೂಳೆ ಕೆಳಗೆ ಬೀಳುತ್ತಿರುವಾಗ, ಅದರ ಜಾಗದಲ್ಲಿ ಉದ್ದನೆಯ ಅಂತರಿಕ್ಷ ನೌಕೆ ಕಾಣಿಸುತ್ತದಲ್ಲ, ಅದು.

ಮನೆಯಲ್ಲೇ ಒಂದು ಮಾಡಿ ನೋಡೋಣ. ಅಜ್ಜಿಯ ಬೀಸುವ ಕಲ್ಲು ತಿರುಗುತ್ತಾ, ಮೊಮ್ಮಗಳ ರೂಮಿನ ಫ್ಯಾನ್ ಆಗಬೇಕು. ಮೊದಲು ಫ್ಯಾನ್ ಅನ್ನೇ ಶೂಟ್ ಮಾಡಿ, ಏಕೆಂದರೆ ಅದರ ದಿಕ್ಕು ನಮ್ಮ ಕೈಯಲ್ಲಿಲ್ಲ. ನೆಲದ ಮೇಲೆ ಮಲಗಿ, ಅದರ ನಡುಭಾಗ ಫ್ರೇಮಿನ ಮಧ್ಯಕ್ಕೆ ಬರುವಂತೆ ನೇರ ಮೇಲಕ್ಕೆ ತೆಗೆಯಿರಿ. ಆ ಚಿತ್ರವನ್ನು ಮುಂದಿಟ್ಟುಕೊಂಡು, ಕಲ್ಲನ್ನು ನೇರ ಮೇಲಿನಿಂದ, ಅದರ ಗೂಟವಲ್ಲ, ನಡುಗುಳಿ ಮಧ್ಯಕ್ಕೆ ಬರುವ ಹಾಗೆ ತೆಗೆಯಿರಿ. ಪರದೆಯ ಮೇಲೆ ಎರಡೂ ಒಂದೇ ದಿಕ್ಕಿಗೆ ತಿರುಗಬೇಕು. ಕಲ್ಲು ಉಲ್ಟಾ ತಿರುಗಿದ್ದರೆ ಎಡಿಟಿಂಗ್‌ನಲ್ಲಿ ಆ ಶಾಟ್ಟನ್ನು ಎಡಬಲ ಮಗುಚಿ ಹಾಕಬಹುದು, ಅಜ್ಜಿ ಎಡಗೈಯವರಾಗುತ್ತಾರೆ ಅಷ್ಟೇ.

ಅಳತೆ ಹೊಂದಿಸಲು ಕಲ್ಲಿನ ಶಾಟ್ ಮೇಲೆ ಫ್ಯಾನ್‌ನ ಶಾಟ್ ಇಟ್ಟು ಅರ್ಧ ಪಾರದರ್ಶಕ ಮಾಡಿ. ಎರಡು ನಡುಬಿಂದುಗಳು ಒಂದರ ಮೇಲೊಂದು ಕೂರುವವರೆಗೆ ಸರಿಸಿ, ಆಮೇಲೆ ಪಾರದರ್ಶಕತೆ ತೆಗೆದು ನೇರ ಕಟ್ ಹಾಕಿ.

ವೇಗ ಮಾತ್ರ ಕಾಟ ಕೊಡುತ್ತದೆ. ಪೂರ್ತಿ ವೇಗದ ಫ್ಯಾನ್ ಕ್ಯಾಮೆರಾದಲ್ಲಿ ಮಸುಕಾಗುತ್ತದೆ, ಒಮ್ಮೊಮ್ಮೆ ಹಿಂದಕ್ಕೆ ತಿರುಗಿದ ಹಾಗೂ ಕಾಣುತ್ತದೆ. ರೆಗ್ಯುಲೇಟರ್ 1ರಲ್ಲಿಟ್ಟರೂ ಕಲ್ಲಿಗಿಂತ ವೇಗವೇ. ಅದಕ್ಕೆ ಸುಲಭದ ದಾರಿ: ಸ್ವಿಚ್ ಆರಿಸಿ, ಫ್ಯಾನ್ ನಿಧಾನವಾಗುತ್ತಾ ಬರುವುದನ್ನು ಪೂರ್ತಿ ಶೂಟ್ ಮಾಡಿ. ರೆಕ್ಕೆಗಳು ಕಲ್ಲಿನ ವೇಗಕ್ಕೆ ಇಳಿದ ಆ ಮೂರ್ನಾಲ್ಕು ಸುತ್ತಿನೊಳಗೆ ನಿಮ್ಮ ಕಟ್ ಇರುತ್ತದೆ.