ಹುಡುಗ ಬೀಡಿ ಸೇದಿರಲಿಲ್ಲ

ನಾನು ಹುಬ್ಬಳ್ಳಿಯಲ್ಲಿ ಕಟ್ಟಿಗೆ ಪಾಲಿಶ್ ಕೆಲಸ ಮಾಡುತ್ತೇನೆ. ಒಂದು ಏಪ್ರಿಲ್‌ನಲ್ಲಿ ಧಾರವಾಡದ ಹಳೇ ಮನೆಯೊಂದರ ಸಾಗವಾನಿ ಬಾಗಿಲು, ಕಂಬಗಳಿಗೆ ಅಗಸೆ ಎಣ್ಣೆ ಹಚ್ಚುವ ಕೆಲಸ ಸಿಕ್ಕಿತು. ಸಂಜೆ ಆರಕ್ಕೆ ಮುಗಿಸಿದೆವು. ಜೊತೆಗಿದ್ದ ಹುಡುಗ ಎಣ್ಣೆ ಒರೆಸಿದ ಚಿಂದಿ, ಕಾಟನ್ ವೇಸ್ಟ್ ಎಲ್ಲ ಗೋಣಿ ಚೀಲಕ್ಕೆ ತುಂಬಿ ಪಡಸಾಲೆಯ ಮೂಲೆಯಲ್ಲಿ ಇಟ್ಟ.

ರಾತ್ರಿ ಹತ್ತೂವರೆಗೆ ಮನೆಯವರ ಫೋನ್ ಬಂತು. ಚೀಲ ಹೊಗೆಯಾಡುತ್ತಿತ್ತಂತೆ. ಯಾರೋ ಬಾಯಿ ಬಿಚ್ಚಿದ್ದೇ ತಡ, ಭಗ್ ಎಂದು ಉರಿ ಎದ್ದಿತು. ನಾಲ್ಕು ಕೊಡ ನೀರು ಹಾಕಿ ಆರಿಸಿದರು. ಗೋಡೆ ಕಪ್ಪಾಯಿತು, ಅಷ್ಟೇ. ಅಲ್ಲಿ ಕರೆಂಟ್ ವೈರ್ ಇರಲಿಲ್ಲ, ಒಲೆ ಇರಲಿಲ್ಲ. ಹಾಗಾಗಿ ಎಲ್ಲರ ಅನುಮಾನ ಹುಡುಗನ ಮೇಲೆ ಬಂತು. ನಾನೂ ಬೈದೆ. "ಅಣ್ಣಾರ, ನಾ ಬೀಡಿ ಮುಟ್ಟೂದss ಇಲ್ರಿ" ಎಂದು ಅತ್ತುಬಿಟ್ಟ.

ಅವನ ಅಳು ನನ್ನನ್ನು ಬಿಡಲಿಲ್ಲ. ಮುಂದಿನ ಭಾನುವಾರ ಬಯಲಿನಲ್ಲಿ ಪರೀಕ್ಷೆ ಮಾಡಿದೆ. ಗಾರೆ ಹೊರುವ ಮೂರು ಕಬ್ಬಿಣದ ಪುಟ್ಟಿ ದೂರ ದೂರ ಇಟ್ಟೆ, ಪಕ್ಕದಲ್ಲಿ ನೀರಿನ ಬಕೆಟ್‌ಗಳು. ಮೂರಕ್ಕೂ ಅರ್ಧ ಅರ್ಧ ಕಿಲೋ ಕಾಟನ್ ವೇಸ್ಟ್, ಕಾಲು ಲೀಟರ್ ಎಣ್ಣೆ. ಮೊದಲನೆಯದರಲ್ಲಿ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಸವರಿದ ವೇಸ್ಟನ್ನು ರಟ್ಟಿನ ಡಬ್ಬಿಗೆ ತುಂಬಿದೆ. ಎರಡನೆಯದರಲ್ಲೂ ಹಾಗೆಯೇ, ಆದರೆ ಎಣ್ಣೆ ಮಾತ್ರ ಬೈಕಿನ ಹಳೇ ಎಂಜಿನ್ ಆಯಿಲ್. ಮೂರನೆಯದಕ್ಕೆ ಅಗಸೆ ಎಣ್ಣೆಯನ್ನೇ ಹಾಕಿದೆ, ಆದರೆ ಡಬ್ಬಿಗೆ ತುಂಬದೆ ತಂತಿ ಜಾಳಿಗೆಯ ಮೇಲೆ ತೆಳುವಾಗಿ ಹರಡಿದೆ. ಎಸಿ ರಿಪೇರಿ ಮಾಡುವ ಗೆಳೆಯನ ಮಲ್ಟಿಮೀಟರ್‌ಗೆ ಬಿಸಿ ಅಳೆಯುವ ವೈರ್ ಇತ್ತು. ಅದರ ತುದಿಯನ್ನು ಒಂದೊಂದರ ನಡುವೆ ತೂರಿಸಿ ನೋಡುತ್ತಾ ಕೂತೆ.

ಹೊರಗೆ 37 ಡಿಗ್ರಿ ಇತ್ತು. ಅಗಸೆ ಎಣ್ಣೆಯ ಡಬ್ಬಿ ಒಂದು ತಾಸಿನಲ್ಲಿ 46 ಆಯಿತು. ಎರಡು ತಾಸಿನಲ್ಲಿ 68. ಆಮೇಲೆ ಓಡತೊಡಗಿತು. ಮೂರು ತಾಸು ಆಗುವ ಹೊತ್ತಿಗೆ 130 ದಾಟಿ, ಬಣ್ಣ ಸುಟ್ಟಂಥ ಘಾಟು ಬಂದು, ಬಿಳಿ ಹೊಗೆ ಎದ್ದಿತು. ತಡಮಾಡದೆ ಬಕೆಟ್ ನೀರು ಸುರಿದೆ. ಆರಿದ ಮೇಲೆ ಬಿಡಿಸಿ ನೋಡಿದರೆ ಹೊರಗೆ ಚೆನ್ನಾಗಿಯೇ ಇದ್ದ ಉಂಡೆ ಒಳಗೆ ಕಂದಿ ಕಪ್ಪಾಗಿತ್ತು. ಎಂಜಿನ್ ಆಯಿಲ್ ಡಬ್ಬಿ ಹೊರಗಿನ ಗಾಳಿಯಷ್ಟೇ ಬಿಸಿ ಇತ್ತು. ಹರಡಿದ ವೇಸ್ಟೂ ತಣ್ಣಗಿತ್ತು.

ಅಂದೇ ಹುಡುಗನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಧಾರವಾಡದವರಿಗೂ ಫೋನ್ ಮಾಡಿ ತಿಳಿಸಿದೆ.

ಕಾರಣ ಇಷ್ಟು. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಹೀರುವಾಗ ಬಿಸಿ ಬಿಡುತ್ತದೆ. ಬಾಗಿಲ ಮೇಲೆ ಆ ಬಿಸಿ ಗೊತ್ತೇ ಆಗುವುದಿಲ್ಲ, ಗಾಳಿಗೆ ಹೋಗುತ್ತದೆ. ಹತ್ತಿಯ ಎಳೆಎಳೆಗೂ ಎಣ್ಣೆ ಹತ್ತಿದಾಗ ಗಾಳಿ ತಾಗುವ ಜಾಗ ಎಷ್ಟೋ ಪಟ್ಟು ಜಾಸ್ತಿ. ಮೇಲಾಗಿ ಹತ್ತಿಯ ಮುದ್ದೆ ಹಾಸಿಗೆಯ ಹಾಗೆ, ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಬಿಸಿ ಏರಿದಷ್ಟೂ ಎಣ್ಣೆ ಬೇಗ ಹೀರುತ್ತದೆ, ಬೇಗ ಹೀರಿದಷ್ಟೂ ಬಿಸಿ ಏರುತ್ತದೆ. ಡಬಲ್ ಬಾಯ್ಲ್ಡ್ ಎಣ್ಣೆಗೆ ಬೇಗ ಒಣಗಲೆಂದು ಡ್ರೈಯರ್ ಸೇರಿಸಿರುತ್ತಾರೆ, ಅದಕ್ಕೇ ಅದು ಇನ್ನೂ ಚುರುಕು. ಎಣ್ಣೆಯಲ್ಲಿ ಪೂರ್ತಿ ಮುಳುಗಿದ ಚಿಂದಿಗೆ ಗಾಳಿ ಹೋಗುವುದಿಲ್ಲ, ಅಷ್ಟು ಕಾಯುವುದಿಲ್ಲ. ಒರೆಸಿ ಬಿಟ್ಟ, ಸ್ವಲ್ಪವೇ ಜಿಡ್ಡಾದ ಚಿಂದಿಯೇ ಅಪಾಯ. ಇದು ನನಗೆ ತಲೆಕೆಳಗಾಗಿ ಕಂಡಿತ್ತು. ಆ ರಾತ್ರಿ ಚೀಲ ಬಿಚ್ಚಿದಾಗ ಉರಿ ಎದ್ದದ್ದೂ ಹೊಸ ಗಾಳಿ ಸಿಕ್ಕಿದ್ದಕ್ಕೇ.

ನಮ್ಮ ಕಡೆಯ ಕುಸುಬೆ ಎಣ್ಣೆಗೂ ಈ ಗುಣ ಇದೆ, ಅಗಸೆಗಿಂತ ಸ್ವಲ್ಪ ನಿಧಾನ. ಶೇಂಗಾ ಎಣ್ಣೆಗೆ ಬಹಳ ಕಮ್ಮಿ, ಕೊಬ್ಬರಿ ಎಣ್ಣೆಗೆ ಇಲ್ಲವೇ ಇಲ್ಲ ಅನ್ನಬಹುದು. ಗ್ಯಾರೇಜಿನ ಗ್ರೀಸ್, ಡೀಸೆಲ್ ವೇಸ್ಟ್ ಕಿಡಿ ಬಿದ್ದರೆ ಉರಿಯುತ್ತದೆ, ಸುಮ್ನೆ ಬಿದ್ದಲ್ಲೇ ತಾನಾಗಿ ಕಾಯುವುದಿಲ್ಲ.

ಈಗ ಚಿಂದಿಯನ್ನು ಮುದ್ದೆ ಮಾಡಲು ಬಿಡುವುದೇ ಇಲ್ಲ. ಕೆಲಸದ ಜಾಗದಲ್ಲಿ ಮುಚ್ಚಳ ಇರುವ ತಗಡಿನ ಡಬ್ಬಿ ಇರುತ್ತದೆ, ಅದರ ತುಂಬ ನೀರು. ಒರೆಸಿದ ಕೂಡಲೇ ಅದರೊಳಗೆ ಮುಳುಗಿಸುತ್ತೇವೆ. ಸಂಜೆ ಹೊರಗೆ, ಗೋಡೆಯಿಂದ ದೂರ, ನೆರಳಲ್ಲಿ ತಂತಿಗೆ ಒಂದೊಂದೇ ಚಿಂದಿ ನೇತು ಹಾಕುತ್ತೇವೆ. ಒಂದರ ಮೇಲೊಂದು ಬರಬಾರದು. ಎರಡು ಮೂರು ದಿನಕ್ಕೆ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತವೆ. ಮೆತ್ತಗೆ ಇರುವ ತನಕ ಕಸಕ್ಕೆ ಹಾಕುವುದಿಲ್ಲ. ನೀರಲ್ಲಿ ನೆನೆಸಿದ್ದನ್ನು ಹಿಂಡಿ ಹಾಗೇ ಗುಡ್ಡೆ ಹಾಕಿದರೂ ಪ್ರಯೋಜನವಿಲ್ಲ, ನೀರು ಆರಿದ ಮೇಲೆ ಮತ್ತೆ ಕಾಯುತ್ತದೆ. ಚೆಲ್ಲಿದ ಎಣ್ಣೆಯ ಮೇಲೆ ಕಟ್ಟಿಗೆ ಹೊಟ್ಟು ಉದುರಿಸಿ ಗುಡಿಸುವುದನ್ನೂ ಬಿಟ್ಟೆವು, ಆ ಹೊಟ್ಟೂ ಚಿಂದಿಯ ಹಾಗೇ ಕಾಯುತ್ತದೆ. ಅದರ ಬದಲು ಮರಳು ಹಾಕುತ್ತೇವೆ.

ಚೀಲ ಮುಟ್ಟಿದಾಗ ಬೆಚ್ಚಗಿದ್ದರೆ, ಘಾಟು ಬಂದರೆ ಬಾಯಿ ಬಿಚ್ಚಬೇಡಿ. ಮೇಲಿಂದಲೇ ನೀರು ಸುರಿಯಿರಿ, ಚೀಲ ಪೂರ್ತಿ ನೆನೆಯುವ ತನಕ.